‘ಕಳಸ್ರಿ’ ಅಂದದ್ದೇ ತಪ್ಪಾಯಿತಾ?

ಸಲಹೆ ಕೇಳಿ ನನ್ನ ಹತ್ತಿರ ಬಂದವರಿಗೆ ಇಪ್ಪತ್ತಾರು ವರ್ಷ. ಊರು ವಿಜಯಪುರದ ಕಡೆ. ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಕಚೇರಿಯಲ್ಲಿ ಎಸ್‌ಡಿಎ ಆಗಿ ಸೇರಿ ನಾಲ್ಕು ತಿಂಗಳಾಗಿತ್ತು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಆಫೀಸಿನ ವಾಟ್ಸಾಪ್ ಗ್ರೂಪ್ ತೆರೆದರೆ ಕೈ ಬೆವರುತ್ತದೆ ಅಂದರು. ಒಂದು ಸಾಲು ಟೈಪ್ ಮಾಡಿ ಅಳಿಸುವುದು, ಮತ್ತೆ ಟೈಪ್ ಮಾಡುವುದು. ಕೊನೆಗೆ ಏನೂ ಕಳಿಸದೆ ಸುಮ್ಮನಾಗುವುದು. ಇದೆಲ್ಲ ಶುರುವಾದದ್ದು ಶಿರಸ್ತೇದಾರರಿಗೆ ಗ್ರೂಪಿನಲ್ಲೇ ಹಾಕಿದ ಒಂದು ಮೆಸೇಜಿನಿಂದ:

‘ಸರ್ ನೋಡ್ರಿ, ಅದಾಲತ್ ಪಟ್ಟಿ ಇನ್ನಾ ಬಂದಿಲ್ಲ. ಜಲ್ದಿ ಕಳಸ್ರಿ.’

ಉತ್ತರ ಹತ್ತೇ ನಿಮಿಷದಲ್ಲಿ ಬಂತಂತೆ: ‘ಯಾರಿಗೆ ಹೇಳ್ತಾ ಇದ್ದೀರಿ?’

ಆಮೇಲೆ ಇವರು ಮಾಡಿದ್ದು ಇನ್ನೊಂದು ಎಡವಟ್ಟು. ರಾತ್ರಿಯೆಲ್ಲ ಕೂತು ಹದಿನೆಂಟು ಸಾಲಿನ ಕ್ಷಮಾಪಣೆ ಬರೆದರು. ‘ಪರಮಪೂಜ್ಯರಾದ ತಮ್ಮ ಪಾದಾರವಿಂದಗಳಲ್ಲಿ’ ಅಂತ ಶುರು. ಗ್ರೂಪಿನಲ್ಲಿ ಯಾರೋ ನಗುವ ಇಮೋಜಿ ಹಾಕಿದರು. ಅಂದಿನಿಂದ ಬಾಯಿ ಬಂದ್.

ನಾನು ಮೈಸೂರಿನವಳು. ಮೊದಲು ಆ ಮೆಸೇಜನ್ನು ಅವರಿಂದಲೇ ಓದಿಸಿದೆ. ‘ಕಳಸ್ರಿ’ ಅನ್ನುವಾಗ ದನಿ ಎಷ್ಟು ಮೆತ್ತಗಿತ್ತೆಂದರೆ, ಅಪ್ಪನನ್ನು ಊಟಕ್ಕೆ ಕರೆದ ಹಾಗಿತ್ತು. ಆಮೇಲೆ ಅದನ್ನೇ ನಾನು ನಮ್ಮ ಕಡೆಯ ಧಾಟಿಯಲ್ಲಿ ಓದಿದೆ. ಅವರು ನಕ್ಕುಬಿಟ್ಟರು. ‘ನೀವು ಓದಿದ್ರ ಬೈದಂಗ ಕೇಳತೈತಿ ಮೇಡಂ.’

ವಿಷಯ ಇದ್ದದ್ದು ಅಲ್ಲೇ. ಅವರ ಊರಲ್ಲಿ ‘ರಿ’ ಸೇರಿಸದೆ ದೊಡ್ಡವರನ್ನು ಮಾತಾಡಿಸಿದರೆ ಮರ್ಯಾದೆ ಗೊತ್ತಿಲ್ಲದವನು ಅಂತಾರೆ. ನಮ್ಮ ಕಡೆ ‘ನೋಡ್ರೀ’, ‘ಏನ್ರೀ’ ಅನ್ನುವುದು ಸರೀಕರಿಗೆ, ಇಲ್ಲವೇ ಕೈಕೆಳಗಿನವರನ್ನು ತರಾಟೆಗೆ ತೆಗೆದುಕೊಳ್ಳುವಾಗ. ಎದುರಿಗೆ ಹೇಳಿದ್ದರೆ ದನಿ ಕಾಪಾಡುತ್ತಿತ್ತು. ಬರಹದಲ್ಲಿ ಓದುವವರ ದನಿಯೇ ಬಂದು ಕೂರುತ್ತದೆ.

ಆದರೆ ಪದಕ್ಕಿಂತ ಜಾಸ್ತಿ ಚುಚ್ಚಿದ್ದು ಜಾಗ ಅಂತ ನನಗನ್ನಿಸಿತು. ‘ಇನ್ನೂ ಬಂದಿಲ್ಲ’ ಅನ್ನುವುದನ್ನು ಅರವತ್ತು ಜನರ ಮುಂದೆ ಹೇಳಿದರೆ, ಎಷ್ಟೇ ವಿನಯದ ಮಾತಾದರೂ ಅದು ಹಿರಿಯರ ತಪ್ಪು ಎತ್ತಿ ತೋರಿಸಿದ ಹಾಗೆಯೇ. ಅದಕ್ಕೇ ಮೊದಲ ಸಲಹೆ: ನೆನಪೋಲೆ ಗ್ರೂಪಿಗೆ ಬೇಡ, ನೇರ ಅವರ ನಂಬರಿಗೇ ಹೋಗಲಿ. ಆಗಿರುವ ಕೆಲಸದ ವರದಿ ಮಾತ್ರ ಗ್ರೂಪಿಗೆ.

ಆಮೇಲೆ ಇಬ್ಬರೂ ಕೂತು ಮೆಸೇಜನ್ನು ತಿದ್ದಿದೆವು. ಅವರ ಮೊದಲ ಕರಡು: ‘ಪಟ್ಟಿಯನ್ನು ಕೂಡಲೇ ಸಲ್ಲಿಸತಕ್ಕದ್ದು.’ ಸುತ್ತೋಲೆ ಓದಿ ಓದಿ ಬಂದ ಭಾಷೆ. ‘ತಕ್ಕದ್ದು’, ‘ಸೂಚಿಸಲಾಗಿದೆ’ ಇವೆಲ್ಲ ಮೇಲಿನಿಂದ ಕೆಳಕ್ಕೆ ಇಳಿಯುವ ಮಾತು, ಕೆಳಗಿನಿಂದ ಹತ್ತುವುದಿಲ್ಲ ಅಂದೆ. ಎರಡನೆಯದರಲ್ಲಿ ‘ತಾವು’ ಅಂತ ಶುರು ಮಾಡಿ ಮುಂದಿನ ಸಾಲಿಗೇ ‘ನಿಮ್ಮ’ ಅಂತ ಇಳಿದಿದ್ದರು. ಹಿಡಿದದ್ದನ್ನು ಕೊನೆತನಕ ಹಿಡಿಯಬೇಕು, ಅದೂ ಆಗದಿದ್ದರೆ ‘ನೀವು’ ಸಾಕು. ಕ್ರಿಯಾಪದ ಎರಡಕ್ಕೂ ಒಂದೇ ತಾನೆ, ‘ತಾವು ಬರುತ್ತೀರಿ, ನೀವು ಬರುತ್ತೀರಿ’. ಕೊನೆಗೆ ನಿಂತದ್ದು ಇದು:

‘ನಮಸ್ಕಾರ ಸರ್. ನಾಳಿನ ಪಿಂಚಣಿ ಅದಾಲತ್‌ಗೆ ನಮ್ಮ ಹೋಬಳಿಯ ಪಟ್ಟಿ ಬೇಕಿತ್ತು. ಸಂಜೆ 5ರೊಳಗೆ ತಮ್ಮಿಂದ ಸಿಕ್ಕರೆ ಇವತ್ತೇ ಫೈಲಿಗೆ ಸೇರಿಸುತ್ತೇನೆ.’

ಇದರಲ್ಲಿ ‘ಕಳಿಸಿ’ ಅನ್ನುವ ಪದವೇ ಇಲ್ಲ, ಗಮನಿಸಿ. ‘ಬೇಕು’ ಅನ್ನುವ ಕಡೆ ‘ಬೇಕಿತ್ತು’ ಬಂದು ಒತ್ತಾಯ ಸಡಿಲವಾಯಿತು. ‘ಸಿಕ್ಕರೆ’ ಅಂದಾಗ ಕೊಡುವುದು ಬಿಡುವುದು ಅವರ ಕೈಯಲ್ಲೇ ಉಳಿಯಿತು. ಗಡುವು ಮಾತ್ರ ಸ್ಪಷ್ಟವಾಗಿದೆ. ‘ಸರ್’ ಒಂದೇ ಸಲ. ಸಾಲು ಸಾಲಿಗೂ ‘ಸರ್’ ಹಾಕಿದರೆ ಹೆದರಿದವನ ಹಾಗೆ ಕಾಣುತ್ತದೆ, ನನ್ನ ಅಭಿಪ್ರಾಯದಲ್ಲಿ ಓದುವವರಿಗೂ ಅದು ಮುಜುಗರವೇ.

ಉದ್ದಕ್ಕೆ ಒಂದು ಅಳತೆ ಕೊಟ್ಟೆ: ಫೋನ್ ತೆರೆಯದೆ, ನೋಟಿಫಿಕೇಶನ್‌ನಲ್ಲೇ ವಿಷಯ ತಿಳಿಯಬೇಕು. ಅದಕ್ಕೆ ಮೀರಿದ ವಿವರ ಇದ್ದರೆ ಪತ್ರ ಬರೆದು ಪಿಡಿಎಫ್ ಲಗತ್ತಿಸಿ, ಮೇಲೆ ‘ತಮ್ಮ ಅವಗಾಹನೆಗೆ’ ಅಂತ ಒಂದು ಸಾಲು. ಕ್ಷಮೆಯನ್ನಂತೂ ಟೈಪ್ ಮಾಡಲೇಬೇಡಿ, ಎದುರಿಗೆ ಹೋಗಿ ಕೇಳಿ ಅಂದೆ.

ಹೋಗಲು ಅವರಿಗೆ ಎಂಟು ದಿನ ಬೇಕಾಯಿತು. ‘ನಮ್ಮ ಕಡೆ ಹಂಗs ಮಾತಾಡ್ತೀವ್ರಿ ಸರ್’ ಅಂದಾಗ ಶಿರಸ್ತೇದಾರರು, ‘ನಂಗೇನ್ ಗೊತ್ತು ಮಾರಾಯ, ಜೋರು ಮಾಡ್ತಿದ್ದೀಯ ಅಂದ್ಕೊಂಡೆ’ ಅಂದರಂತೆ. ಎಲ್ಲ ಅಧಿಕಾರಿಗಳೂ ಹೀಗಿರುವುದಿಲ್ಲ. ಇವರಿಗೆ ಒಳ್ಳೆಯವರು ಸಿಕ್ಕರು.

ಮೂರನೇ ಭೇಟಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮನೆಯ ಗ್ರೂಪಿನಲ್ಲೂ ಕಾಕಾಗೆ ‘ತಾವು ಊಟ ಮಾಡಿದಿರಾ’ ಅಂತ ಬರೆಯಲು ಶುರು ಮಾಡಿದ್ದರಂತೆ. ಕಾಕಾ ಫೋನ್ ಮಾಡಿ, ‘ಯಾಕೋ, ನನ್ನ ಮ್ಯಾಲ ಸಿಟ್ಟೇನು?’ ಅಂತ ಕೇಳಿದರಂತೆ.

ಅಲ್ಲಿ ‘ಊಟ ಆತೇನ್ರಿ ಕಾಕಾ’ ಅಂತಲೇ ಬರೀರಿ ಅಂದೆ.