ಗಾಬರಿಯಲ್ಲಿರುವ ಗೆಸ್ಟ್ ಮಾತನ್ನು 108ಕ್ಕೆ ದಾಟಿಸುವುದು

ಪ್ರಶ್ನೆ: ಆಗುಂಬೆ ಹತ್ತಿರದ ಹೋಂಸ್ಟೇಯಲ್ಲಿ ರಿಸೆಪ್ಷನ್ ನೋಡಿಕೊಳ್ತೀನಿ. ಹೊರ ರಾಜ್ಯದ ಗೆಸ್ಟ್‌ಗಳಿಗೆ ಹುಷಾರು ತಪ್ಪಿದರೆ ಗಾಬರಿಯಲ್ಲಿ ಏನೇನೋ ಉದ್ದಕ್ಕೆ ಹೇಳ್ತಾರೆ. ಅದರಲ್ಲಿ ಮುಖ್ಯವಾದದ್ದನ್ನು ಆರಿಸಿ 108ಕ್ಕೆ ಚುಟುಕಾಗಿ ಹೇಳೋದು ಹೇಗೆ?

ಆರಿಸಲೇಬೇಡಿ. ನಾನು ಆರಿಸಿ ಕೆಟ್ಟವನು.

ಆಗ ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಯಲ್ಲಿದ್ದೆ. ಬೆಳೆದದ್ದು ಭದ್ರಾವತಿಯಲ್ಲಿ, ಹಾಗಾಗಿ ಓಣಿಯಲ್ಲೇ ತಮಿಳು ಬಂದಿತ್ತು. ಒಂದು ಬೆಳಗ್ಗೆ 6 ಗಂಟೆಗೆ ಮದುರೆ ಕಡೆಯ ಅಮ್ಮ ಒಬ್ಬರು ರಿಸೆಪ್ಷನ್‌ಗೆ ಓಡಿ ಬಂದರು. ಯಜಮಾನರ ಬಾಯಿ ಒಂದು ಕಡೆ ಸೊಟ್ಟಗಾಗಿದೆ, ಎಡಗೈ ಏಳುತ್ತಿಲ್ಲ, ಮಾತು ತೊದಲುತ್ತಿದೆ. ಜೊತೆಗೆ ಇನ್ನೂ ಏನೇನೋ ಹೇಳಿದರು. ರಾತ್ರಿ 10ಕ್ಕೆ ಮಲಗಿದ್ದು, ಬೆಳಗಿನ ಜಾವ 4ಕ್ಕೆ ಅವರು ಬಾತ್‌ರೂಮಿಗೆ ಎದ್ದಿದ್ದು, ಮಳೆ ಜೋರಾಗಿದೆ ಅಂತ ಮಾತಾಡಿ ಮತ್ತೆ ಮಲಗಿದ್ದು.

ನಾನು ಲ್ಯಾಂಡ್‌ಲೈನಿಂದ 108ಕ್ಕೆ ಹೇಳಿದ್ದು ಇಷ್ಟು: "ರಾತ್ರಿ ಚೆನ್ನಾಗಿ ಮಲಗಿದ್ದರು, ಬೆಳಗ್ಗೆ ಎದ್ದಾಗ ಹೀಗಾಗಿದೆ." ಬಾತ್‌ರೂಮಿಗೆ ಎದ್ದ ವಿಷಯ ಡಾಕ್ಟರಿಗೆ ಯಾಕೆ ಅಂತ ಬಿಟ್ಟೆ.

ಅಲ್ಲೇ ಎಡವಿದ್ದು. ಲಕ್ವ ಹೊಡೆದವರಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಮಾಡಿ, ಒಳಗೆ ರಕ್ತ ಸೋರಿಲ್ಲ ಅಂತ ನೋಡಿಕೊಳ್ಳಬೇಕು. ಆ ಗಂಟೆಗಳನ್ನು ಎಲ್ಲಿಂದ ಎಣಿಸುತ್ತಾರೆ ಗೊತ್ತಾ? ಸೊಟ್ಟ ಬಾಯಿ ಕಂಡ ಹೊತ್ತಿನಿಂದ ಅಲ್ಲ. ಮನುಷ್ಯ ಸರಿಯಾಗಿದ್ದದ್ದನ್ನು ಯಾರಾದರೂ ಕೊನೆಯ ಸಲ ನೋಡಿದ ಹೊತ್ತಿನಿಂದ. ನಿದ್ದೆಯಲ್ಲಿ ಯಾವಾಗ ಹೊಡೆಯಿತು ಅಂತ ಯಾರಿಗೂ ತಿಳಿಯುವುದಿಲ್ಲವಲ್ಲ. ಅವರು 4 ಗಂಟೆಗೆ ಎದ್ದು ನಡೆದಿದ್ದರು, ಸ್ಪಷ್ಟವಾಗಿ ಮಾತಾಡಿದ್ದರು. ಅಂದರೆ 8.30ರ ತನಕ ಅವಕಾಶ ಇತ್ತು. ನನ್ನ ಚುಟುಕು ಮಾತಿನಲ್ಲಿ ಅದು ರಾತ್ರಿ 10 ಆಯಿತು, ಅವಕಾಶ ನಡುರಾತ್ರಿಯಲ್ಲೇ ಮುಗಿದಿತ್ತು.

ಆಂಬುಲೆನ್ಸಿನವರು ನಾನು ಹೇಳಿದ್ದನ್ನೇ ಬರೆದುಕೊಂಡರು. ಶಿವಮೊಗ್ಗಕ್ಕೆ 60 ಕಿಲೋಮೀಟರ್ ಆಸುಪಾಸು. ಆಸ್ಪತ್ರೆ ಮುಟ್ಟಿದಾಗ 8 ಆಗಿತ್ತು. ಅಲ್ಲಿ ಆ ಅಮ್ಮನ ತಮಿಳು ತಿಳಿದವರು ಸಿಕ್ಕಿ, 4 ಗಂಟೆಯ ವಿಷಯ ಹೊರಬರುವಷ್ಟರಲ್ಲಿ 9 ದಾಟಿತ್ತು. ಇಂಜೆಕ್ಷನ್ ಕೊಡುತ್ತಿದ್ದರೋ ಇಲ್ಲವೋ, ಅದು ಡಾಕ್ಟರಿಗೆ ಬಿಟ್ಟದ್ದು. ಬಿಪಿ, ಹಿಂದಿನ ಆಪರೇಷನ್, ರಕ್ತ ತೆಳು ಮಾಡುವ ಮಾತ್ರೆ ಎಲ್ಲ ನೋಡಿಯೇ ಕೊಡುತ್ತಾರೆ. ಆದರೆ ಆ ಮಾತು ಏಳಬೇಕಾದ ಹೊತ್ತಿಗೆ ಏಳದ ಹಾಗೆ ಮಾಡಿದ್ದು ನಾನು.

ಈಗ ನಾನು ಮಾಡೋದು ಬೇರೆ. ಫೋನ್ ಸ್ಪೀಕರಿಗೆ ಹಾಕಿ, ಗೆಸ್ಟನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇನೆ. "ಇವರು ತಮಿಳಿನವರು, ಹೇಳಿದ್ದನ್ನು ಹಾಗೇ ಕನ್ನಡದಲ್ಲಿ ಹೇಳ್ತೀನಿ, ನಿಧಾನ ಕೇಳಿ ಸಾರ್" ಅಂತ ಮೊದಲೇ ಹೇಳಿಬಿಡುತ್ತೇನೆ. ಊರು, ತಾಲೂಕು, ಹತ್ತಿರದ ಬಸ್‌ಸ್ಟಾಪ್ ನಾನೇ ಹೇಳುತ್ತೇನೆ, ಅದು ಗೆಸ್ಟಿಗೆ ಗೊತ್ತಿರಲ್ಲ. ಆಮೇಲೆ ಅವರನ್ನು ಒಂದೊಂದೇ ವಾಕ್ಯಕ್ಕೆ ತಡೆದು ದಾಟಿಸುತ್ತೇನೆ. ಗಂಟೆ, ವಯಸ್ಸು, ಮಾತ್ರೆ ಹೆಸರು ಬಂದರೆ ತಿರುಗಿ ಅವರಿಗೇ ಹೇಳಿ ಹೂಂ ಅನ್ನಿಸಿಕೊಳ್ಳುತ್ತೇನೆ. ಅರ್ಥವಾಗದ್ದು ಇದ್ದರೆ "ಇದು ನನಗೆ ಅರ್ಥ ಆಗಲಿಲ್ಲ, ಮತ್ತೆ ಕೇಳ್ತೀನಿ" ಅನ್ನುತ್ತೇನೆ, ಸುಮ್ನೆ ಊಹೆ ಸೇರಿಸಲ್ಲ. "ಯಾವಾಗ ಶುರುವಾಯ್ತು?" ಅಂತ ಅಲ್ಲಿಂದ ಕೇಳಿದರೆ ಅದನ್ನು ದಾಟಿಸಿ, "ಕೊನೆಗೆ ಸರಿಯಾಗಿ ಮಾತಾಡಿದ್ದು ಎಷ್ಟೊತ್ತಿಗೆ?" ಅಂತಲೂ ಕೇಳುತ್ತೇನೆ. ಅದು ನನ್ನ ಪ್ರಶ್ನೆ ಅಂತ ಇಬ್ಬರಿಗೂ ಹೇಳಿಯೇ.

ನಮ್ಮವರಿಗೆ ಹೇಳುವಾಗಲೂ ಅಷ್ಟೇ. ಆ ದಿನ ಅಮ್ಮ ಯಜಮಾನರ ಬಿಪಿ ಮಾತ್ರೆಗೆ ನೀರು ಕೇಳಿದ್ದರು. ನಾನು ಒಳಗೆ ಕೂಗಿದ್ದು "ನೀರು ಕೊಡಿ" ಅಂತ ಮಾತ್ರ. ಅಡುಗೆಯ ಅಕ್ಕ ಪಾಪ, ಬಿಸಿ ಕಾಫಿಯನ್ನೂ ಹಿಡಿದು ಬಂದರು. ಬಾಯಿ ಸೊಟ್ಟಗಾದವರಿಗೆ ನುಂಗಲು ಆಗದೆ ಉಸಿರಿನ ದಾರಿಗೆ ಹೋಗಬಹುದು, ಬಾಯಿಗೆ ಏನೂ ಹಾಕಬಾರದು. ಬಿಪಿ ಮಾತ್ರೆಯನ್ನೂ ಡಾಕ್ಟರ್ ಹೇಳದೆ ಕೊಡಬಾರದು. ಪುಣ್ಯಕ್ಕೆ 108ರವರು ಫೋನಿನಲ್ಲೇ ತಡೆದರು. ಮಾತ್ರೆಗೆ ನೀರು ಕೇಳುತ್ತಿದ್ದಾರೆ ಅಂತ ನಾನು ಪೂರ್ತಿ ಹೇಳಿದ್ದರೆ, ಕೊಡಬಹುದಾ ಅಂತ ಮೊದಲು ಅವರನ್ನೇ ಕೇಳುತ್ತಿದ್ದೆವು.

ಇನ್ನೊಂದು, ಇದಕ್ಕೆ ಖರ್ಚೇನೂ ಇಲ್ಲ. ಗೆಸ್ಟ್ ಹೇಳಿದ್ದನ್ನೆಲ್ಲ ಗಂಟೆ ಸಮೇತ ಕಾಗದದಲ್ಲಿ ಬರೆದು, ಕೆಳಗೆ ನಿಮ್ಮ ಲ್ಯಾಂಡ್‌ಲೈನ್ ನಂಬರ್ ಹಾಕಿ ಆಂಬುಲೆನ್ಸಿನವರ ಕೈಗೆ ಕೊಡಿ. ನಮ್ಮ ಕಡೆ ಮೊಬೈಲ್ ನೆಟ್‌ವರ್ಕ್ ಕಥೆ ನಿಮಗೂ ಗೊತ್ತು. ಆಸ್ಪತ್ರೆಯಿಂದ ಡಾಕ್ಟರ್ ಫೋನ್ ಮಾಡಿದರೆ ಅವರಿಗೆ ಆ ಭಾಷೆ ಬಲ್ಲವರು ನೀವೇ. ಗೆಸ್ಟ್ ಆಸ್ಪತ್ರೆ ತಲುಪಿ ಆ ಫೋನ್ ಬರುವವರೆಗೆ ಫೋನ್ ಬಿಟ್ಟು ಏಳಬೇಡಿ.