ಅಪ್‌ಡೇಟ್ ಆದ ಮೇಲೆ ಬ್ಯಾಟರಿ ಪರ್ಸೆಂಟೇಜ್ ಜಿಗಿಯುತ್ತಿದ್ದರೆ

"ಅಪ್‌ಡೇಟ್ ಆದಾಗಿಂದ ಫೋನ್ 41ರಲ್ಲೇ ಒಂದು ತಾಸು ನಿಲ್ಲುತ್ತೆ, ಆಮೇಲೆ ಒಮ್ಮೆಲೇ 18. ಬ್ಯಾಟರಿ ಹೋಯ್ತಾ? ಊರು ಸಿಂಧನೂರು."

ಬಹುಶಃ ಬ್ಯಾಟರಿ ಹೋಗಿಲ್ಲ, ಲೆಕ್ಕ ತಪ್ಪಿದೆ. ಫ್ಯೂಯಲ್ ಗೇಜ್ ಅನ್ನೋ ಚಿಪ್ ಬ್ಯಾಟರಿಗೆ ಬಂದ, ಹೋದ ಕರೆಂಟನ್ನು ಕೂಡಿಸಿ ಕಳೆದು ಪರ್ಸೆಂಟೇಜ್ ಹೇಳುತ್ತದೆ. ಅಪ್‌ಡೇಟ್‌ನಲ್ಲಿ ಹಳೆ ಲೆಕ್ಕ ಅಳಿಸಿಹೋದರೆ ಅದು ಅಂದಾಜಿನ ಮೇಲೆ ಓಡುತ್ತದೆ. ನಡುವಿನ ಮಟ್ಟದಲ್ಲಿ ವೋಲ್ಟೇಜ್ ಜಾಸ್ತಿ ಬದಲಾಗಲ್ಲ, ಹಾಗಾಗಿ ಅಲ್ಲಿ ತಪ್ಪು ತಿದ್ದಿಕೊಳ್ಳುವುದು ಕಷ್ಟ. ತುಂಬಿದಾಗ ಮತ್ತು ಖಾಲಿಯಾದಾಗ ಅದಕ್ಕೆ ಗಟ್ಟಿ ಗುರುತು ಸಿಗುತ್ತದೆ.

ಮೊದಲು ರೀಸ್ಟಾರ್ಟ್ ಮಾಡಿ, ಎರಡು ದಿನ ನೋಡಿ. ಸರಿಹೋಗದಿದ್ದರೆ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಆಫ್ ಮಾಡಿ. ಫೋನ್ ತಾನಾಗಿ ಆಫ್ ಆಗುವ ತನಕ ಬಳಸಿ. ಆಮೇಲೆ ಆಫ್ ಇದ್ದಾಗಲೇ ಚಾರ್ಜಿಗೆ ಹಾಕಿ, ನಡುವೆ ತೆಗೆಯಬೇಡಿ. 100 ಬಂದ ಮೇಲೂ ಒಂದು ತಾಸು ಬಿಡಿ. ಇದನ್ನು ರಾತ್ರಿ ಮಾಡಿ. ನಮ್ಮ ಕಡೆ ಮಧ್ಯಾಹ್ನದ ಬಿಸಿಗೆ ಫೋನ್ ಕಾದು ಚಾರ್ಜಿಂಗ್ ನಿಧಾನ ಆಗುತ್ತದೆ, ಕೆಲವೊಮ್ಮೆ ನಿಂತೇ ಬಿಡುತ್ತದೆ. ನನ್ನ ಫೋನ್ 63ರಲ್ಲಿ ಅಂಟಿಕೊಂಡಿತ್ತು, ಎರಡನೇ ಸುತ್ತಿಗೆ ಸರಿಹೋಯಿತು. ಪದೇಪದೇ ಖಾಲಿ ಮಾಡಬೇಡಿ, ಬ್ಯಾಟರಿ ಸವೆಯುತ್ತದೆ.

ಎರಡು ಸುತ್ತಿನ ನಂತರವೂ ಕ್ಯಾಮೆರಾ ತೆರೆದ ಕೂಡಲೇ 25ರಲ್ಲೇ ಆಫ್ ಆದರೆ ಬ್ಯಾಟರಿ ಸವೆದಿದೆ ಅಂತ ಹಿಡಿಯಿರಿ, ಬದಲಾಯಿಸಿ. ಹಿಂಬದಿ ಕವರ್ ಉಬ್ಬಿದ್ದರೆ ಇದ್ಯಾವುದೂ ಬೇಡ. ಚಾರ್ಜ್ ಮಾಡದೆ ನೇರ ರಿಪೇರಿಗೆ ಒಯ್ಯಿರಿ.