ಒಟ್ಟು ಪಾಸ್ ಪರ್ಸೆಂಟೇಜ್ ಮತ್ತು ವಿಷಯವಾರು ಫೇಲ್ ಲೆಕ್ಕ

ಪ್ರಶ್ನೆ: ನಮ್ಮ ಶಾಲೆಯ ಬೋರ್ಡ್ ಪರೀಕ್ಷೆ ಫಲಿತಾಂಶ ಬಂದಿದೆ. ವಿಷಯವಾರು ಪಾಸ್ ಪರ್ಸೆಂಟೇಜ್‌ಗಳ ಸರಾಸರಿ ತೆಗೆದರೆ 93 ದಾಟುತ್ತದೆ, ಆದರೆ ಒಟ್ಟು ಫಲಿತಾಂಶ 77ರ ಹತ್ತಿರ ಇದೆ. ಎಲ್ಲಿ ತಪ್ಪಾಗಿದೆ? ಯಾವ ವಿಷಯದಿಂದ ಜಾಸ್ತಿ ಹೊಡೆತ ಬಿದ್ದಿದೆ ಅಂತ ಹೇಗೆ ಕಂಡುಹಿಡಿಯೋದು?

ಉತ್ತರ: ಲೆಕ್ಕ ತಪ್ಪಾಗಿಲ್ಲ. ಎರಡೂ ಬೇರೆ ಬೇರೆ ಸಂಖ್ಯೆಗಳು, ಅಷ್ಟೇ. ಸರಾಸರಿ ಎಣಿಸುವುದು ಪತ್ರಿಕೆಗಳನ್ನು, ಒಟ್ಟು ಫಲಿತಾಂಶ ಎಣಿಸುವುದು ಮಕ್ಕಳನ್ನು. ಆರು ವಿಷಯಗಳಲ್ಲಿ ಐದು ಪಾಸಾಗಿ ಒಂದು ಹೋದರೂ ಆ ಮಗು ಫೇಲ್ ಪಟ್ಟಿಯಲ್ಲೇ ಇರುತ್ತದೆ. ಹಾಗಾಗಿ ಒಟ್ಟು ಫಲಿತಾಂಶಕ್ಕೆ ಸರಾಸರಿಯನ್ನು ಯಾವತ್ತೂ ಬಳಸಬೇಡಿ.

ನಾನು ಶಾಲೆಯಲ್ಲಿ ಎಕ್ಸೆಲ್‌ನಲ್ಲಿ ಈ ಲೆಕ್ಕದ ತಖ್ತೆ ಮಾಡುವಾಗ ಅಂಕಗಳಿಂದ ಶುರು ಮಾಡುವುದಿಲ್ಲ. ಬೋರ್ಡ್ ಕೊಟ್ಟ ವಿಷಯವಾರು ಫಲಿತಾಂಶವನ್ನೇ P, F, AB ಅಂತ ತುಂಬುತ್ತೇನೆ. ಗ್ರೇಸ್ ಅಂಕ, ಪ್ರಾಯೋಗಿಕ ಪರೀಕ್ಷೆಯ ನಿಯಮ ಎಲ್ಲವೂ ಅದರಲ್ಲೇ ಸೇರಿಹೋಗಿರುತ್ತದೆ. C ಇಂದ H ವರೆಗೆ ಆರು ವಿಷಯ, ಒಂದು ಸಾಲಿಗೆ ಪರೀಕ್ಷೆ ಬರೆದ ಒಬ್ಬ ವಿದ್ಯಾರ್ಥಿ. I ಕಾಲಂನಲ್ಲಿ ಆ ಮಗು ಎಷ್ಟು ವಿಷಯ ಪಾಸಾಗಿಲ್ಲ ಅನ್ನೋದು ಬರಬೇಕು:

```
=6-COUNTIF(C2:H2,"P")
```

ಫೇಲ್ ಎಣಿಸದೆ ಪಾಸ್ ಎಣಿಸಿ ಕಳೆಯುವುದಕ್ಕೆ ಕಾರಣ ಇದೆ. ಪಾಸ್ ಅಂಕ 35 ಅಂತ ಇಟ್ಟುಕೊಂಡು ಅಂಕಗಳ ಮೇಲೆ `COUNTIF(C2:H2,"<35")` ಹಾಕಿದರೆ AB ಅನ್ನೋದು ಅಕ್ಷರವಾದ್ದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಪತ್ರಿಕೆಗೆ ಗೈರಾದ ಮಗು ಫೇಲ್ ಸಂಖ್ಯೆ ಸೊನ್ನೆ ಅಂತ ತೋರಿಸಿ ಪಾಸ್ ಪಟ್ಟಿಗೆ ಸೇರಿಬಿಡುತ್ತದೆ. ಖಾಲಿ ಬಿಟ್ಟ ಕೋಶದಲ್ಲೂ ಇದೇ ಕಥೆ.

ಒಂದು ಉದಾಹರಣೆ ನೋಡೋಣ. ನೋಂದಾಯಿಸಿದವರು 80, ಪರೀಕ್ಷೆಗೆ ಬಾರದೇ ಇದ್ದವರು 2, ಬರೆದವರು 78. ಎಲ್ಲಾ ವಿಷಯ ಪಾಸಾದವರು, ಅಂದರೆ I ಕಾಲಂನಲ್ಲಿ 0 ಇರುವವರು, 60. ಬರೆದವರ ಮೇಲೆ ಲೆಕ್ಕ ಹಾಕಿದರೆ 76.92%, ನೋಂದಾಯಿಸಿದವರ ಮೇಲೆ 75%. ಯಾವುದನ್ನು ಕೊಟ್ಟರೂ ಯಾವುದರ ಮೇಲೆ ಅಂತ ಪಕ್ಕದಲ್ಲೇ ಬರೆಯಿರಿ. ಹೋದ ವರ್ಷ ಒಂದು ಬಗೆ, ಈ ವರ್ಷ ಇನ್ನೊಂದು ಬಗೆ ಲೆಕ್ಕ ಹಾಕಿ ಹೋಲಿಸಿದರೆ ಆ ಹೋಲಿಕೆಗೆ ಅರ್ಥವೇ ಇಲ್ಲ. ಮರುಪರೀಕ್ಷೆ ಬರೆದವರಿದ್ದರೆ ಅವರ ತಖ್ತೆ ಬೇರೆಯೇ ಇರಲಿ.

ಇನ್ನು ವಿಷಯವಾರು. ಗಣಿತದಲ್ಲಿ 13, ವಿಜ್ಞಾನದಲ್ಲಿ 9, ಇಂಗ್ಲಿಷಿನಲ್ಲಿ 5, ಸಮಾಜದಲ್ಲಿ 3 ಮಂದಿ ಫೇಲ್. ಉಳಿದೆರಡು ವಿಷಯಗಳಲ್ಲಿ ಯಾರೂ ಇಲ್ಲ. ಕೂಡಿದರೆ 30. ಆದರೆ ಫೇಲಾದ ಮಕ್ಕಳು 18 ಮಾತ್ರ. ಒಂದೇ ವಿಷಯ ಹೋದವರು 10, ಎರಡು ಹೋದವರು 5, ಮೂರು ಹೋದವರು 2, ನಾಲ್ಕೂ ಹೋದವರು 1. ಅಂದರೆ 10+10+6+4, ಮತ್ತೆ 30. I ಕಾಲಂನ ಒಟ್ಟು ಮೊತ್ತವೂ ವಿಷಯವಾರು ಮೊತ್ತವೂ ಹೀಗೆ ಒಂದೇ ಆಗಬೇಕು. ಆಗದಿದ್ದರೆ ಎಲ್ಲೋ ಒಂದು ಕೋಶ ತಪ್ಪಾಗಿದೆ ಅಂತ ಅರ್ಥ.

ಸಾಮಾನ್ಯವಾಗಿ ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇನ್ನೊಂದು ಸಂಖ್ಯೆಯಲ್ಲಿದೆ: ಈ ಒಂದೇ ವಿಷಯದಿಂದ ಎಷ್ಟು ಮಂದಿ ಫೇಲಾದರು? ಗಣಿತ E ಕಾಲಂನಲ್ಲಿದ್ದರೆ:

```
=COUNTIFS(E2:E79,"<>P",I2:I79,1)
```

ನಮ್ಮ ಉದಾಹರಣೆಯಲ್ಲಿ ಗಣಿತಕ್ಕೆ 5, ಇಂಗ್ಲಿಷಿಗೆ 4, ವಿಜ್ಞಾನಕ್ಕೆ 1, ಸಮಾಜಕ್ಕೆ 0 ಬರುತ್ತದೆ. ಚಿತ್ರವೇ ಬದಲಾಯಿತು ನೋಡಿ. ಫೇಲ್ ಸಂಖ್ಯೆಯಲ್ಲಿ ವಿಜ್ಞಾನ ಎರಡನೇ ಸ್ಥಾನದಲ್ಲಿತ್ತು. ಆದರೆ ಆ 9 ಮಂದಿಯಲ್ಲಿ 8 ಮಂದಿ ಗಣಿತದಲ್ಲೂ ಫೇಲ್. ವಿಜ್ಞಾನವೊಂದನ್ನೇ ಎಲ್ಲರೂ ಪಾಸಾಗಿದ್ದರೂ ಒಟ್ಟು ಪಾಸಾದವರು 61 ಆಗುತ್ತಿದ್ದರು. ಇಂಗ್ಲಿಷಿನಲ್ಲಿ ಫೇಲಾದವರು ಐದೇ ಜನ, ಆದರೆ ಅದು ಸರಿಹೋಗಿದ್ದರೆ 64, ಅಂದರೆ 82.05%. ಗಣಿತ, ವಿಜ್ಞಾನ ಎರಡೂ ಸರಿಹೋಗಿದ್ದರೆ 71, ಅಂದರೆ 91.03%. ಎರಡು ವಿಷಯ ಹೋದ ಐವರಿಗೂ ಹೋಗಿದ್ದು ಈ ಜೋಡಿಯೇ.

ಹಾಗಾಗಿ ವಿಜ್ಞಾನ ಶಿಕ್ಷಕರನ್ನು ಒಂಬತ್ತು ಫೇಲ್ ಅಂತ ಸುಮ್ನೆ ಪ್ರಶ್ನಿಸುವುದು ನ್ಯಾಯವಲ್ಲ, ಅಲ್ವಾ? ಆ ಎಂಟು ಮಕ್ಕಳಿಗೆ ಗಣಿತವೂ ವಿಜ್ಞಾನವೂ ಒಟ್ಟಿಗೆ ಸಿಗುವ ಒಂದು ಗುಂಪು ಬೇಕು. ಇಂಗ್ಲಿಷಿನ ನಾಲ್ವರದು ಬೇರೆ ಸಮಸ್ಯೆ. ಅವರ ಅಂಕಗಳನ್ನು ತೆಗೆದು ನೋಡಿ. ಪಾಸ್ ಅಂಕಕ್ಕೆ ಎರಡು ಮೂರು ಕಡಿಮೆ ಇರುವವರು ಮರುಎಣಿಕೆ ಅಥವಾ ಮರುಮೌಲ್ಯಮಾಪನಕ್ಕೆ ಹಾಕಬಹುದು, ಕೊನೇ ದಿನ ಮುಗಿಯುವ ಮೊದಲೇ ಪೋಷಕರಿಗೆ ತಿಳಿಸಿ. ಹತ್ತು ಹದಿನೈದು ಕಡಿಮೆ ಇರುವವರಿಗೆ ಪೂರಕ ಪರೀಕ್ಷೆಗೆ ಈಗಿನಿಂದಲೇ ತರಗತಿ ಶುರುವಾಗಬೇಕು.